ಅರ್ಧ ಮಾರುವುದೋ, ಕಾಯುವುದೋ?

ಬ್ಯಾಡರಹಳ್ಳಿಯ ನಮ್ಮ ಮಾಮೂ ಶೇರು ಗುರಿಯ ಬೆಲೆ ಮುಟ್ಟಿದ ಕೂಡಲೇ ಅರ್ಧ ಮಾರುತ್ತಾರೆ. ಅದು ಲಾಭವೇ ಎಂದು ನಾನು ಲೆಕ್ಕ ಹಾಕಿದೆ.

ಹತ್ತು ವಹಿವಾಟು ಎಂದುಕೊಳ್ಳಿ. ಆರರಲ್ಲಿ ತಲಾ 100 ರೂಪಾಯಿ ನಷ್ಟ. ನಾಲ್ಕು 200ರ ಲಾಭ ಮುಟ್ಟಿದವು. ಬೆಲೆಯ ಹಿಂದೆಯೇ ಏರುವ ಟ್ರೇಲಿಂಗ್ ಸ್ಟಾಪ್‌ಲಾಸ್ ಇಟ್ಟು ಕಾದರೆ, ಮೂರು 100ಕ್ಕೆ ಇಳಿದು ಮುಗಿದವು, ಒಂದು 800 ಕೊಟ್ಟಿತು. ನಷ್ಟ ಕಳೆದು ಉಳಿದದ್ದು 500, ಅಂದರೆ ವಹಿವಾಟಿಗೆ ಸರಾಸರಿ 50. ಇದೇ ಎಕ್ಸ್‌ಪೆಕ್ಟೆನ್ಸಿ.

ಅರ್ಧವನ್ನು 200ಕ್ಕೇ ಮಾರಿದ್ದರೆ ಮೂರರಿಂದ ತಲಾ 150, ಒಂದರಿಂದ 500. ಸರಾಸರಿ 35ಕ್ಕೆ ಇಳಿಯುತ್ತದೆ. ನಷ್ಟ ಪೂರ್ತಿ ನಮ್ಮದು, ದೊಡ್ಡ ಲಾಭ ಮಾತ್ರ ಅರ್ಧ!

ಆದರೆ ಆ ಒಂದೂ 100ಕ್ಕೇ ಮುಗಿದಿದ್ದರೆ? ಕಾದವರಿಗೆ 200 ನಷ್ಟ, ಮಾಮೂಗೆ ನಷ್ಟವೂ ಇಲ್ಲ, ಲಾಭವೂ ಇಲ್ಲ.

ಹಾಗಾಗಿ ನೋಡಬೇಕಾದದ್ದು, ಗುರಿ ಮುಟ್ಟಿದವು ಕಾದಾಗ ಕೊನೆಗೆ ಸರಾಸರಿ ಎಷ್ಟು ಕೊಟ್ಟವು ಎಂಬುದನ್ನು. ಮೊದಲ ಲೆಕ್ಕದಲ್ಲಿ 275. ಅದು 200ಕ್ಕಿಂತ ಹೆಚ್ಚಿದ್ದರಿಂದ ಕಾಯುವುದೇ ಮೇಲಾಯಿತು. ಒಂದೇ ವಹಿವಾಟು ಉತ್ತರವನ್ನು ತಿರುಗಿಸುವುದರಿಂದ, ಹತ್ತರ ಲೆಕ್ಕ ಸಾಲದು.