ಸೂತ್ರ ತಪ್ಪಿದ ಉತ್ತರಕ್ಕೆ ಎಷ್ಟು ಅಂಕ?

ಕ್ರಮಯೋಜನೆ ಮತ್ತು ವಿಕಲ್ಪಗಳ ಲೆಕ್ಕದಲ್ಲಿ ವಿದ್ಯಾರ್ಥಿ P ಬರೆಯಬೇಕಾದಲ್ಲಿ C ಬರೆದರೆ ಅಂತಿಮ ಸಂಖ್ಯೆ ಸರಿಯುತ್ತರದಿಂದ ಬಹುದೂರ ಹೋಗಿಬಿಡುತ್ತದೆ. ಹಾಗಾಗಿ ಇಡೀ ಉತ್ತರವೇ ತಪ್ಪೆಂದು ಗೀಟು ಹಾಕುವುದು ಸುಲಭ. ಆದರೆ ಆ ಸಂಖ್ಯೆಯ ಹಿಂದೆ ಸರಿಯಾದ ಹಂತಗಳೂ ಇರಬಹುದು. ಅವನ್ನು ಗುರುತಿಸುವುದು ಹೇಗೆಂದು ತಿಳಿಯಲು ಒಂದು ಲೆಕ್ಕವನ್ನೇ ಕೊನೆಯವರೆಗೂ ನೋಡಬಹುದು.

ನಾಲ್ವರು ಹುಡುಗರು ಮತ್ತು ಮೂವರು ಹುಡುಗಿಯರನ್ನು ಒಂದೇ ಸಾಲಿನಲ್ಲಿ ಕೂರಿಸಬೇಕು. ಯಾವ ಇಬ್ಬರು ಹುಡುಗಿಯರೂ ಅಕ್ಕಪಕ್ಕ ಬರಬಾರದು. ಮೊದಲು ಹುಡುಗರನ್ನು ಕೂರಿಸಿದರೆ 4! = 24 ವಿಧಗಳು. ಅವರ ನಡುವೆ ಮೂರು, ಎರಡು ತುದಿಗಳಲ್ಲಿ ಒಂದೊಂದು, ಹೀಗೆ ಐದು ತೆರವುಗಳು ಸಿಗುತ್ತವೆ. ಒಂದು ತೆರವಿಗೆ ಒಬ್ಬಳಂತೆ ಮೂವರನ್ನು ಕೂರಿಸಲು ⁵P₃ = 60 ವಿಧಗಳು. ಉತ್ತರ 24 × 60 = 1440. ಐದು ಅಂಕದ ಪ್ರಶ್ನೆಯಾದರೆ ಹುಡುಗರ ಜೋಡಣೆಗೆ ಒಂದು, ತೆರವುಗಳಿಗೆ ಒಂದು, ಹುಡುಗಿಯರ ಜೋಡಣೆಗೆ ಎರಡು, ಕೊನೆಯ ಗುಣಾಕಾರಕ್ಕೆ ಒಂದು ಎಂದು ಅಂಕ ಹಂಚಬಹುದು.

ಮೊದಲ ವಿದ್ಯಾರ್ಥಿ 24 × ⁵C₃ = 24 × 10 = 240 ಎಂದು ಬರೆದಿದ್ದಾನೆ. ಇಲ್ಲಿ ⁵C₃ ಪೂರ್ತಿ ತಪ್ಪಲ್ಲ. ಐದು ತೆರವುಗಳಲ್ಲಿ ಯಾವ ಮೂರು ಎಂಬುದನ್ನು ಅದು ಸರಿಯಾಗಿಯೇ ಎಣಿಸುತ್ತದೆ. ಬಿಟ್ಟುಹೋದದ್ದು ಆ ಮೂರು ಜಾಗಗಳಲ್ಲಿ ಹುಡುಗಿಯರು ಪರಸ್ಪರ ಸ್ಥಾನ ಬದಲಿಸುವ 3! = 6 ವಿಧಗಳು. 1440ನ್ನು 240ರಿಂದ ಭಾಗಿಸಿದರೆ ಸರಿಯಾಗಿ 6 ಬರುತ್ತದೆ. ಉತ್ತರಪತ್ರಿಕೆಯಲ್ಲಿ ಹಂತಗಳು ಅಸ್ಪಷ್ಟವಾಗಿದ್ದಾಗ ಹೀಗೆ ಭಾಗಿಸಿ ನೋಡುವುದು ಬಹಳ ಉಪಯುಕ್ತ. 2, 6, 24ರಂಥ ಸಂಖ್ಯೆ ಬಂದರೆ ಯಾವುದೋ ಗುಂಪಿನ ಒಳಕ್ರಮವನ್ನು ವಿದ್ಯಾರ್ಥಿ ಮರೆತಿದ್ದಾನೆ ಎಂದು ಊಹಿಸಬಹುದು. ಆಮೇಲೆ ಹಂತಗಳಲ್ಲಿ ಅದನ್ನು ಹುಡುಕಿ ಖಚಿತಪಡಿಸಿಕೊಳ್ಳಬೇಕು.

ಈ ಉತ್ತರಕ್ಕೆ ಮೊದಲ ಎರಡು ಅಂಕ ನಿಸ್ಸಂದೇಹವಾಗಿ ಸಲ್ಲಬೇಕು. ಮೂರನೆಯ ಹಂತದ ಎರಡರಲ್ಲಿ ಒಂದನ್ನು ಕಳೆಯಬೇಕು. ಕೊನೆಯ ಅಂಕದ ಬಗ್ಗೆ ಭಿನ್ನಾಭಿಪ್ರಾಯ ಸಹಜ. ಅದು 1440 ಎಂಬ ಉತ್ತರಕ್ಕೇ ಮೀಸಲಾಗಿದ್ದರೆ ಕೊಡಲಾಗದು. ಎರಡು ಹಂತಗಳ ಫಲಗಳನ್ನು ಕೂಡದೆ ಗುಣಿಸಬೇಕೆಂಬ ತಿಳಿವಳಿಕೆಗೆ ಮೀಸಲಾಗಿದ್ದರೆ ಕೊಡಲೇಬೇಕು, ಏಕೆಂದರೆ ವಿದ್ಯಾರ್ಥಿ ಗುಣಿಸಿಯೇ ಇದ್ದಾನೆ. ಒಂದೇ ತಪ್ಪಿಗೆ ಎರಡು ಕಡೆ ಅಂಕ ಕಳೆಯದ ಈ ಎರಡನೆಯ ಕ್ರಮವೇ ನ್ಯಾಯವಾದದ್ದು. ಯಾವ ಕ್ರಮ ಎಂಬುದನ್ನು ಮಾತ್ರ ಮೌಲ್ಯಮಾಪನಕ್ಕೆ ಮೊದಲೇ ತೀರ್ಮಾನಿಸಿರಬೇಕು.

C ಕಂಡ ತಕ್ಷಣ ಅಂಕ ಕಳೆಯುವವರು ಇನ್ನೊಬ್ಬ ವಿದ್ಯಾರ್ಥಿಗೆ ಅನ್ಯಾಯ ಮಾಡಿಬಿಡಬಹುದು. ಆಕೆ 24 × ⁵C₃ × 3! ಎಂದು ಬರೆದಿದ್ದಾಳೆ. ತೆರವುಗಳನ್ನು ಆರಿಸಿ, ನಂತರ ಹುಡುಗಿಯರನ್ನು ಜೋಡಿಸುವ ಈ ದಾರಿಯೂ 1440ಕ್ಕೇ ತಲುಪುತ್ತದೆ. ಇದಕ್ಕೆ ಪೂರ್ಣ ಅಂಕ.

ಮತ್ತೊಂದು ತಪ್ಪನ್ನು ಅಳೆಯುವುದು ಇನ್ನೂ ಕಷ್ಟ. ಏಳು ಜನರನ್ನು ಕೂರಿಸುವ ಒಟ್ಟು ವಿಧಗಳು 7! = 5040. ಮೂವರು ಹುಡುಗಿಯರನ್ನು ಒಂದೇ ಗುಂಪಾಗಿ ಕಟ್ಟಿದರೆ 5! × 3! = 720. ಒಂದರಲ್ಲಿ ಇನ್ನೊಂದನ್ನು ಕಳೆದು 4320 ಎನ್ನುವ ವಿದ್ಯಾರ್ಥಿ ಎರಡು ಸಂಖ್ಯೆಗಳನ್ನೂ ತಪ್ಪಿಲ್ಲದೆ ಲೆಕ್ಕ ಹಾಕಿದ್ದಾನೆ. ಆದರೆ ‘ಯಾವ ಇಬ್ಬರೂ ಅಕ್ಕಪಕ್ಕ ಬರಬಾರದು’ ಎಂಬುದನ್ನು ‘ಮೂವರೂ ಒಟ್ಟಿಗೆ ಬರಬಾರದು’ ಎಂದು ಓದಿಕೊಂಡಿದ್ದಾನೆ. ಇಬ್ಬರು ಮಾತ್ರ ಅಕ್ಕಪಕ್ಕ ಬಂದು ಮೂರನೆಯವಳು ಬೇರೆ ಕೂರುವ 2880 ಜೋಡಣೆಗಳು ಅವನ ಉತ್ತರದಲ್ಲಿ ಉಳಿದುಬಿಟ್ಟಿವೆ. ಅವನ್ನೂ ಕಳೆದರೆ ಮತ್ತೆ 1440 ಬರುತ್ತದೆ. ಎಂದರೆ ಅವನು ಹಿಡಿದ ದಾರಿ ಸರಿಯಾದದ್ದೇ, ಅರ್ಧಕ್ಕೆ ನಿಂತಿದ್ದಾನೆ ಅಷ್ಟೆ. ಆ ದಾರಿಗೂ ಪ್ರತ್ಯೇಕವಾಗಿ ಅಂಕ ಹಂಚಿಟ್ಟುಕೊಂಡರೆ ಎರಡು ಅಂಕ ಕೊಡಬಹುದು. ಮಾದರಿ ಉತ್ತರದಲ್ಲಿ ಒಂದೇ ವಿಧಾನ ಇದ್ದರೆ ಇಂಥ ವಿದ್ಯಾರ್ಥಿಗೆ ಸೊನ್ನೆ ಬೀಳುವ ಅಪಾಯವಿದೆ.

24 + 60 = 84 ಎಂದು ಕೂಡಿದವನಿಗೆ ಕೊನೆಯ ಅಂಕ ಮಾತ್ರ ಹೋಗುತ್ತದೆ.

240 ಎಂಬ ಉತ್ತರ ಸರಿಯಾಗುವ ಪ್ರಶ್ನೆಯೂ ಉಂಟು. ಹುಡುಗಿಯರ ಬದಲು ಒಂದೇ ತರಹದ ಮೂರು ಖಾಲಿ ಕುರ್ಚಿಗಳನ್ನು ಇಟ್ಟರೆ, ಅವುಗಳ ಜಾಗ ಅದಲುಬದಲಾದರೂ ಹೊಸ ಜೋಡಣೆ ಆಗದು. ಆಗ ⁵C₃ ಸಾಕು. ಆದ್ದರಿಂದ C ಬರೆದವನ ಪತ್ರಿಕೆಯಲ್ಲಿ ‘ಸೂತ್ರ ತಪ್ಪು’ ಎಂದಷ್ಟೇ ಬರೆದರೆ ಅವನಿಗೆ ಏನೂ ತಿಳಿಯದು. ಒಬ್ಬ ಹುಡುಗ, ಇಬ್ಬರು ಹುಡುಗಿಯರು ಇರುವ ಪುಟ್ಟ ಲೆಕ್ಕವನ್ನು ಅಂಚಿನಲ್ಲಿ ಬರೆದುಕೊಡುವುದು ಮೇಲು. ಅವನ ವಿಧಾನದಂತೆ 1! × ²C₂ = 1. ಕೈಯಲ್ಲಿ ಬರೆದು ನೋಡಿದರೆ ಗೀತಾ–ರವಿ–ಸೀತಾ ಮತ್ತು ಸೀತಾ–ರವಿ–ಗೀತಾ ಎಂದು ಎರಡು ಸಾಲುಗಳು ಸಿಗುತ್ತವೆ.