ನೂರು ಹೋಗುವ ನೋವು, ಇನ್ನೂರು ಬರುವ ಖುಷಿ

ಅಮೆರಿಕದ ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮ್ಯುಯೆಲ್ಸನ್ ಒಮ್ಮೆ ಊಟದ ಹೊತ್ತಿನಲ್ಲಿ ಸಹೋದ್ಯೋಗಿಗಳಿಗೆ ಒಂದು ಪಂಥ ಒಡ್ಡಿದರು. ನಾಣ್ಯ ಚಿಮ್ಮಿದಾಗ ನೀವು ಹೇಳಿದ ಮುಖ ಬಿದ್ದರೆ 200 ಡಾಲರ್ ನಿಮಗೆ; ಬೀಳದಿದ್ದರೆ 100 ಡಾಲರ್ ನೀವು ಕೊಡಬೇಕು. ಸರಾಸರಿ ಲೆಕ್ಕದಲ್ಲಿ ಒಂದು ಆಟಕ್ಕೆ 50 ಡಾಲರ್ ಲಾಭ. ಆದರೂ ಒಬ್ಬರು ಒಲ್ಲೆ ಎಂದರು. ಇನ್ನೂರು ಬಂದ ಖುಷಿಗಿಂತ ನೂರು ಹೋದ ನೋವೇ ತಮಗೆ ಹೆಚ್ಚು ಎಂಬುದು ಅವರ ಕಾರಣ. ಇದೇ ಆಟವನ್ನು ನೂರು ಸಲ ಆಡುವುದಾದರೆ ಮಾತ್ರ ಸಿದ್ಧ ಎಂದರು.

1963ರಲ್ಲಿ ಇದನ್ನು ಬರೆದ ಸ್ಯಾಮ್ಯುಯೆಲ್ಸನ್, ಆ ಉತ್ತರ ತರ್ಕಕ್ಕೆ ಒಗ್ಗುವುದಿಲ್ಲ ಎಂದು ತೋರಿಸಿದರು. ಕೈಯಲ್ಲಿ ಎಷ್ಟೇ ಹಣವಿದ್ದರೂ ಈ ಆಟ ಬೇಡ ಎನ್ನುವವರು, ಅದನ್ನೇ ನೂರು ಸಲ ಆಡಲು ಒಪ್ಪುವುದು ಹೇಗೆ? ಈ ತರ್ಕದ ಹಿಂದಿರುವುದು 1738ರಲ್ಲಿ ಡೇನಿಯಲ್ ಬರ್ನೂಲಿ ಹಾಕಿಕೊಟ್ಟ ಹಳೆಯ ದಾರಿ: ಮನುಷ್ಯ ತನ್ನ ಒಟ್ಟು ಆಸ್ತಿಯನ್ನು ಎದುರಿಗಿಟ್ಟುಕೊಂಡು ತೂಗುತ್ತಾನೆ. ಹಾಗೆ ತೂಗಿದರೆ, ಸಂಬಳ ಉಳಿತಾಯಗಳಿರುವ ಪ್ರಾಧ್ಯಾಪಕರಿಗೆ ನೂರು ಡಾಲರ್ ಲೆಕ್ಕಕ್ಕೇ ಬರಬಾರದು.

ಆದರೆ ಮನಸ್ಸು ಒಟ್ಟು ಆಸ್ತಿಯನ್ನು ನೋಡುವುದೇ ಇಲ್ಲ ಎಂದರು ಇಸ್ರೇಲಿನ ಮನೋವಿಜ್ಞಾನಿಗಳಾದ ಡೇನಿಯಲ್ ಕಾಹ್ನೆಮನ್ ಮತ್ತು ಏಮೋಸ್ ಟ್ವರ್ಸ್ಕಿ. 1979ರಲ್ಲಿ ಅವರು ಮಂಡಿಸಿದ ‘ಪ್ರಾಸ್ಪೆಕ್ಟ್ ಥಿಯರಿ’ಯ ಪ್ರಕಾರ ನಾವು ಸದ್ಯ ನಿಂತಿರುವ ಜಾಗವೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಹೋದದ್ದು ಲಾಭ, ಕೆಳಕ್ಕೆ ಇಳಿದದ್ದು ನಷ್ಟ. ಮೊತ್ತ ಬೆಳೆದಂತೆ ಎರಡೂ ಕಡೆ ಚುರುಕು ಕಡಿಮೆಯಾಗುತ್ತದೆ: ನೂರರಿಂದ ಇನ್ನೂರಕ್ಕೆ ಏರಿದ ಖುಷಿ, ಮೊದಲ ನೂರರಷ್ಟು ಇರುವುದಿಲ್ಲ. ಮೇಲಾಗಿ, ನಷ್ಟದ ಕಡೆಯ ಗೆರೆ ಲಾಭದ ಕಡೆಗಿಂತ ಕಡಿದಾಗಿರುತ್ತದೆ.

ಎಷ್ಟು ಕಡಿದು? ತಮ್ಮ ಪ್ರಯೋಗಗಳಲ್ಲಿ ಜನ ಮಾಡಿದ ಆಯ್ಕೆಗಳಿಂದ 1992ರಲ್ಲಿ ಅವರು ಅಂದಾಜು ಮಾಡಿದ ಮಧ್ಯಮ ಬೆಲೆಗಳನ್ನು ಹಾಕಿದರೆ ಸೂತ್ರ ಹೀಗಿದೆ:

```
v(x) = x^0.88            (x ≥ 0)
v(x) = −2.25 · (−x)^0.88  (x < 0)
```

ಈಗ ಆ ಸಹೋದ್ಯೋಗಿಯ ಆಟವನ್ನು ಇದರಲ್ಲಿ ಇಟ್ಟು ನೋಡೋಣ. 200 ಗೆದ್ದರೆ ಮನಸ್ಸಿಗೆ ಸಿಗುವುದು ಸುಮಾರು 106 ಅಂಕ. 100 ಸೋತರೆ ಕಳೆಯುವುದು ಸುಮಾರು 129. ಎರಡಕ್ಕೂ ಸಮ ಅವಕಾಶವಿರುವುದರಿಂದ ಅರ್ಧರ್ಧ ತೆಗೆದುಕೊಂಡರೆ 53ರಲ್ಲಿ 65 ಕಳೆದು ಹನ್ನೆರಡರಷ್ಟು ಋಣ. ಉತ್ತರ: ಬೇಡ. ನೂರರ ಎದುರಿಗೆ ಸುಮಾರು 251 ಡಾಲರ್ ಇಟ್ಟಾಗ ಮಾತ್ರ ತಕ್ಕಡಿ ಸಮವಾಗುತ್ತದೆ.

ಅದೇ ಆಟವನ್ನು ಎರಡು ಸಲ ಆಡಿ, ಕೊನೆಗೆ ಒಮ್ಮೆ ಮಾತ್ರ ಲೆಕ್ಕ ನೋಡುವುದಾದರೆ? ನಾಲ್ಕರಲ್ಲಿ ಒಂದು ಪಾಲು 400 ಲಾಭ, ಎರಡು ಪಾಲು 100 ಲಾಭ, ಒಂದು ಪಾಲು 200 ನಷ್ಟ. ಸೂತ್ರಕ್ಕೆ ಹಾಕಿದರೆ ಮೊತ್ತ ಸುಮಾರು ಹದಿನೆಂಟು, ಅದೂ ಧನ. ಒಂದರ ಸೋಲನ್ನು ಇನ್ನೊಂದರ ಗೆಲುವು ಮುಚ್ಚುವುದರಿಂದ ನೋವಿನ ಪಾಲು ಕುಗ್ಗಿದೆ. ನೂರು ಸಲ ಆಡಿದರಂತೂ ಒಟ್ಟಾರೆ ಹಣ ಕಳೆದುಕೊಳ್ಳುವ ಸಾಧ್ಯತೆ ಸುಮಾರು 2,300ರಲ್ಲಿ ಒಂದು. ಆದರೆ ಪ್ರತಿ ಸಲ ನಾಣ್ಯ ಬಿದ್ದಾಗಲೂ ಸೋಲುಗೆಲುವನ್ನು ಬೇರೆಬೇರೆಯಾಗಿ ಅನುಭವಿಸಿದರೆ ಈ ಅನುಕೂಲ ಸಿಗದು. ಹನ್ನೆರಡರ ಋಣ ಆಟಕ್ಕೊಮ್ಮೆ ಮರಳುತ್ತದೆ. ಷೇರಿನ ಬೆಲೆಯನ್ನು ದಿನಾ ನೋಡುವವರಿಗೆ, ವರ್ಷಕ್ಕೊಮ್ಮೆ ನೋಡುವವರಿಗಿಂತ ಅದೇ ಷೇರು ಹೆಚ್ಚು ಅಪಾಯಕಾರಿ ಎನಿಸುವುದಕ್ಕೆ ಶ್ಲೊಮೊ ಬೆನಾರ್ಟ್ಜಿ ಮತ್ತು ರಿಚರ್ಡ್ ಥೇಲರ್ 1995ರಲ್ಲಿ ಕೊಟ್ಟ ಕಾರಣವೂ ಇದೇ.

ಸೊನ್ನೆಯ ಜಾಗ ಬದಲಾದರೆ ಇದೇ ಮನುಷ್ಯ ಇನ್ನೊಬ್ಬನಾಗುತ್ತಾನೆ. ಆಗಲೇ 100 ಸೋತವನು ಆಟಕ್ಕೆ ಮುಂಚಿನ ಸ್ಥಿತಿಯನ್ನೇ ಸೊನ್ನೆ ಎಂದು ಹಿಡಿದುಕೊಂಡಿದ್ದಾನೆ ಎನ್ನೋಣ. ಅವನಿಗೆ ‘ನಾಣ್ಯ ಚಿಮ್ಮು, ಗೆದ್ದರೆ ಸಾಲ ಮಾಫಿ, ಸೋತರೆ ಇನ್ನೂರು’ ಎಂದರೆ? ಎದ್ದು ಹೋದರೆ 129 ಅಂಕದ ನೋವು ಖಚಿತ. ಆಡಿದರೆ 238ರ ಅರ್ಧ, ಅಂದರೆ 119. ಸರಾಸರಿ ಲಾಭ ಒಂದು ಪೈಸೆಯೂ ಇಲ್ಲದ ಈ ಆಟಕ್ಕೆ ಅವನು ಒಪ್ಪುತ್ತಾನೆ. ಇಸ್ಪೀಟಿನಲ್ಲಿ ಕಳೆದದ್ದನ್ನು ವಾಪಸು ತರುತ್ತೇನೆಂದು ಕೂತೇ ಇರುವವನ ಲೆಕ್ಕ ಇದು.

ಸೂತ್ರಕ್ಕೆ ಮಿತಿಗಳೂ ಇವೆ. 2.25 ಎಲ್ಲರ ಎದೆಯಲ್ಲೂ ಅಚ್ಚಾದ ಸಂಖ್ಯೆಯಲ್ಲ. ಪುಡಿಗಾಸಿನ ಪಂಥಗಳಲ್ಲಿ ನಷ್ಟದ ಭಾರ ಬಹಳ ಕಡಿಮೆಯಾಗಿ, ಕೆಲವೊಮ್ಮೆ ಕಾಣದೆಯೂ ಹೋಗಿದೆ. ಪೂರ್ಣ ಸಿದ್ಧಾಂತದಲ್ಲಿ ಐವತ್ತು ಪ್ರತಿಶತ ಅವಕಾಶವನ್ನೂ ಮನಸ್ಸು ಐವತ್ತಕ್ಕಿಂತ ಕಡಿಮೆಯೇ ತೂಗುತ್ತದೆ. ಇಲ್ಲಿ ಅದನ್ನು ಬಿಟ್ಟಿದ್ದೇನೆ. ಸೊನ್ನೆಯನ್ನು ಯಾರು ಎಲ್ಲಿ ಇಟ್ಟುಕೊಳ್ಳುತ್ತಾರೆ ಎಂಬುದನ್ನಂತೂ ಸೂತ್ರ ತಾನಾಗಿ ಹೇಳುವುದಿಲ್ಲ. ಅದಕ್ಕೇ ಒಬ್ಬರು ಪಂಥ ಒಪ್ಪುತ್ತಾರೋ ಇಲ್ಲವೋ ಎಂದು ಊಹಿಸುವ ಮುನ್ನ, ಅವರು ಎಲ್ಲಿಂದ ಎಣಿಸುತ್ತಿದ್ದಾರೆ, ಎಷ್ಟು ಆಟಗಳನ್ನು ಕೂಡಿಸಿ ಎಣಿಸುತ್ತಿದ್ದಾರೆ ಎಂಬುದು ಗೊತ್ತಿರಬೇಕು.