ಚಿನ್ನದ ಬಾಂಡಾ, ಒಡವೆಯಾ? 2015ರಲ್ಲಿ ಹಾಕಿದ ₹26,840 ಎಂಟು ವರ್ಷದಲ್ಲಿ ಎಷ್ಟಾಯ್ತು?

ಚಿನ್ನದ ಬಾಂಡ್ ಒಳ್ಳೇದಾ, ಒಡವೆ ಒಳ್ಳೇದಾ ಅಂತ ಕೇಳಿದರೆ ಬ್ಯಾಂಕಿನವರು ಒಂದು ಹೇಳ್ತಾರೆ, ಅಂಗಡಿಯವರು ಇನ್ನೊಂದು ಹೇಳ್ತಾರೆ, ಮನೆಯಲ್ಲಿ ಅಜ್ಜಿ ಮೂರನೇದು ಹೇಳ್ತಾರೆ. ಹಾಗಾಗಿ ಈ ವಾರ ಮಾತು ಬಿಟ್ಟು ಲೆಕ್ಕ ಹಾಕೋಣ. ಅದೂ ಊಹೆಯ ಬೆಲೆಯಲ್ಲಿ ಅಲ್ಲ, ಅವಧಿ ಮುಗಿದು ದುಡ್ಡು ಕೈಗೆ ಬಂದಿರುವ ಒಂದು ಬಾಂಡಿನ ಬೆಲೆಯಲ್ಲಿ.

ಸವರನ್ ಗೋಲ್ಡ್ ಬಾಂಡಿನ ಮೊದಲ ಕಂತು ಬಂದಿದ್ದು 2015ರ ನವೆಂಬರ್‌ನಲ್ಲಿ, ದೀಪಾವಳಿ ಹೊತ್ತಿಗೆ. ಆಗ ಒಂದು ಗ್ರಾಂಗೆ ₹2,684. ಬಡ್ಡಿ ವರ್ಷಕ್ಕೆ ಶೇ. 2.75. ಎಂಟು ವರ್ಷ ಮುಗಿದು 2023ರ ನವೆಂಬರ್ 30ರಂದು ರಿಸರ್ವ್ ಬ್ಯಾಂಕ್ ಗ್ರಾಂಗೆ ₹6,132ರಂತೆ ಕೊಟ್ಟಿತು. ಈ ಎರಡು ಬೆಲೆಯನ್ನೇ ಹಿಡಿದು ನಡೆಯೋಣ.

ಮೈಸೂರಿನ ರಿಂಗ್ ರಸ್ತೆಗೆ ಹುಣಸೂರು ರಸ್ತೆ ಕೂಡುವ ಹಿನಕಲ್‌ನಲ್ಲಿ ಒಬ್ಬ ರೈತ ಇದ್ದಾನೆ ಅಂದುಕೊಳ್ಳಿ. ನವೆಂಬರ್‌ನಲ್ಲಿ ಅವನ ಕೈಯಲ್ಲಿ ₹26,840 ಇದೆ. ಬ್ಯಾಂಕಿಗೆ ಹೋದರೆ ಹತ್ತು ಗ್ರಾಂ ಬಾಂಡ್. ಪೇಟೆಗೆ ಹೋದರೆ ಅದೇ ದುಡ್ಡಿಗೆ ಹೆಂಡತಿಗೊಂದು ಸರ.

ಬಾಂಡಿನ ದಾರಿ

ಇಲ್ಲಿ ಲೆಕ್ಕ ಸಲೀಸು. ಹತ್ತು ಗ್ರಾಂಗೆ ಎಂಟು ವರ್ಷದ ಮೇಲೆ ₹61,320 ಬಂತು. ಜೊತೆಗೆ ಬಡ್ಡಿ ವರ್ಷಕ್ಕೆ ₹738, ಆರು ತಿಂಗಳಿಗೊಮ್ಮೆ ₹369ರಂತೆ ಖಾತೆಗೆ ಬಿದ್ದಿದೆ. ಎಂಟು ವರ್ಷಕ್ಕೆ ಒಟ್ಟು ₹5,905. ಎರಡೂ ಸೇರಿ ₹67,225.

ಬಡ್ಡಿಯ ಬಗ್ಗೆ ಒಂದು ವಿಷಯ ತುಂಬ ಜನ ತಪ್ಪು ತಿಳಿದಿದ್ದಾರೆ. ಚಿನ್ನದ ಬೆಲೆ ಏರಿದಂತೆ ಬಡ್ಡಿ ಏರಲ್ಲ. ಶೇ. 2.75 ಅನ್ನೋದು ನೀವು ಮೊದಲ ದಿನ ಕಟ್ಟಿದ ₹2,684ರ ಮೇಲೆ ಮಾತ್ರ. ಕೊನೇ ವರ್ಷ ಚಿನ್ನ ಆರು ಸಾವಿರ ದಾಟಿದಾಗಲೂ ಗ್ರಾಂಗೆ ಬಂದ ಬಡ್ಡಿ ಅದೇ ₹74. ಆಗಿನ ಬೆಲೆಗೆ ಹೋಲಿಸಿದರೆ ಅದು ಶೇ. 1.2 ಅಷ್ಟೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಷೇರುಪೇಟೆಯ ಮಾತು ಬಂದಾಗ ಬೇಕಾಗುತ್ತೆ.

ಅವಧಿ ಮುಗಿಸಿ ಬಂದ ಲಾಭಕ್ಕೆ ತೆರಿಗೆ ಇರಲಿಲ್ಲ. ಬಡ್ಡಿಗೆ ಮಾತ್ರ ತೆರಿಗೆ ಉಂಟು, ಅದೂ ನಿಮ್ಮ ಒಟ್ಟು ಆದಾಯ ತೆರಿಗೆ ಮಿತಿ ದಾಟಿದ್ದರೆ.

ಸರದ ದಾರಿ

ಒಡವೆ 22 ಕ್ಯಾರೆಟ್‌ನದ್ದು, ಅಂದರೆ ನೂರರಲ್ಲಿ 91.6 ಪಾಲು ಚಿನ್ನ. ₹2,684 ಅಪ್ಪಟ ಚಿನ್ನದ ಬೆಲೆಯಾದರೆ 22 ಕ್ಯಾರೆಟ್‌ಗೆ ಗ್ರಾಂಗೆ ₹2,459. ಇದರ ಮೇಲೆ ಮಜೂರಿ, ವೇಸ್ಟೇಜ್. ಇದು ಅಂಗಡಿಯಿಂದ ಅಂಗಡಿಗೆ, ಒಡವೆಯಿಂದ ಒಡವೆಗೆ ಬದಲು. ನಾನು ಎರಡೂ ಸೇರಿ ಶೇ. 12 ಅಂತ ಹಿಡಿದಿದ್ದೇನೆ. 2015ರಲ್ಲಿ ಜಿಎಸ್‌ಟಿ ಇರಲಿಲ್ಲ. ಆಗಿನ ತೆರಿಗೆಯನ್ನು ಲೆಕ್ಕಕ್ಕೇ ತಗೊಂಡಿಲ್ಲ. ಒಡವೆಗೆ ಅಷ್ಟು ರಿಯಾಯಿತಿ ಕೊಟ್ಟೇ ಲೆಕ್ಕ ಹಾಕಿದ್ದೇನೆ ಅಂತಲೇ ತಿಳಿಯಿರಿ.

ಹಾಗೆ ನೋಡಿದರೆ ಗ್ರಾಂಗೆ ₹2,754 ಬೀಳುತ್ತೆ. ₹26,840ಕ್ಕೆ ಸಿಗೋದು 9.75 ಗ್ರಾಂ ಸರ. 2023ರ ನವೆಂಬರ್ 30ರ ಬೆಲೆಗೆ 22 ಕ್ಯಾರೆಟ್ ಗ್ರಾಂಗೆ ₹5,617. ಸರದ ಚಿನ್ನದ ಬೆಲೆ ₹54,766. ಮಾರಲು ಹೋದಾಗ ಕರಗಿಸುವ ನಷ್ಟ ಅಂತ ಶೇ. 3 ಹಿಡಿದುಕೊಂಡರೆ ಕೈಗೆ ಬರೋದು ಸುಮಾರು ₹53,100.

ಬಾಂಡಿಗೂ ಸರಕ್ಕೂ ವ್ಯತ್ಯಾಸ ₹14,100. ಇದು ಎಲ್ಲಿಂದ ಬಂತು ಅಂತ ಬಿಡಿಸಿ ನೋಡಿ. ಬಡ್ಡಿ ಸಿಗದೆ ಹೋದದ್ದು ₹5,900. ಕರಗಿಸುವಾಗ ಹೋದದ್ದು ₹1,600ಕ್ಕೆ ಸ್ವಲ್ಪ ಮೇಲೆ. ಉಳಿದ ₹6,500 ಮಜೂರಿಯದ್ದು. ಅಂದು ಕೊಟ್ಟ ಮಜೂರಿ ₹2,900ರ ಆಸುಪಾಸು ಅಷ್ಟೇ, ಆದರೆ ಆ ದುಡ್ಡು ಚಿನ್ನ ಆಗಲಿಲ್ಲ, ಆದ್ದರಿಂದ ಬೆಲೆ ಏರಿದಾಗ ಜೊತೆಗೆ ಏರಲೂ ಇಲ್ಲ. ಚಿನ್ನ ಎರಡೂಕಾಲು ಪಟ್ಟು ಆದಾಗ ಮಜೂರಿಯ ನಷ್ಟವೂ ಎರಡೂಕಾಲು ಪಟ್ಟು ಆಯ್ತು. ಕೆತ್ತನೆ ಜಾಸ್ತಿ ಇರುವ ಒಡವೆಗೆ ಮಜೂರಿ ಶೇ. 20 ಆಗಿದ್ದರೆ ಕೈಗೆ ಬರ್ತಿದ್ದದ್ದು ₹49,600 ಮಾತ್ರ.

ನಾಣ್ಯ ತಗೊಂಡಿದ್ದರೆ? ಅದಕ್ಕೂ ತಯಾರಿಕೆ ಖರ್ಚು ಇದ್ದೇ ಇದೆ. ಕೊಳ್ಳುವಾಗ ಶೇ. 3, ಮಾರುವಾಗ ಶೇ. 2 ಹೋಯ್ತು ಅಂದುಕೊಂಡರೆ ₹58,300 ಬರುತ್ತೆ. ಬಾಂಡಿಗಿಂತ ಕಡಿಮೆ, ಸರಕ್ಕಿಂತ ವಾಸಿ. ಒಂದು ವಿಷಯ ಗೊತ್ತಿರಲಿ: ನಾಣ್ಯ ಮಾರುವ ಬ್ಯಾಂಕು ಅದನ್ನು ವಾಪಸ್ ಕೊಳ್ಳೋದಿಲ್ಲ. ಮಾರಲು ಅಂಗಡಿಗೇ ಹೋಗಬೇಕು.

ಕೊನೆಗೆ ಒಡವೆಯೇ ಬೇಕಾಗಿದ್ದರೆ ಲೆಕ್ಕ ಬೇರೆ

ಬಾಂಡ್ ಜಾಹೀರಾತಿನಲ್ಲಿ ಹೇಳದೆ ಬಿಡುವ ಲೆಕ್ಕ ಇದು. ನಮ್ಮ ಕಡೆ ಎಷ್ಟೋ ಮನೆಯಲ್ಲಿ ಚಿನ್ನ ಕೂಡಿಡೋದು ಮಾರೋಕಲ್ಲ, ಮಗಳ ಮದುವೆಗೆ. ಬಾಂಡಿನ ದುಡ್ಡು ಬಂದ ಮೇಲೂ ಅಂಗಡಿಗೇ ಹೋಗಿ ಒಡವೆ ಮಾಡಿಸಬೇಕು. ರಿಸರ್ವ್ ಬ್ಯಾಂಕ್ ಕೊಡುವ ಬೆಲೆಯಲ್ಲಿ ಜಿಎಸ್‌ಟಿ ಸೇರಿರಲ್ಲ, ಅಂಗಡಿಯಲ್ಲಿ ಶೇ. 3 ಜಿಎಸ್‌ಟಿ ಕಟ್ಟಬೇಕು, ಮಜೂರಿ ಅದೇ ಶೇ. 12 ಇದ್ದೇ ಇದೆ.

2023ರ ಬೆಲೆಗೆ ಹಾಗೆ ಲೆಕ್ಕ ಹಾಕಿದರೆ ಒಡವೆ ಗ್ರಾಂಗೆ ₹6,480. ಬಡ್ಡಿಯೂ ಸೇರಿ ಕೈಯಲ್ಲಿರೋ ₹67,225ಕ್ಕೆ ಬರೋದು 10.37 ಗ್ರಾಂ. 2015ರಲ್ಲೇ ಸರ ತಗೊಂಡಿದ್ದರೆ 9.75 ಗ್ರಾಂ ಬೀರುವಿನಲ್ಲಿ ಇರ್ತಿತ್ತು. ಅಂದರೆ ಎಂಟು ವರ್ಷ ಕಾದದ್ದಕ್ಕೆ ಹೆಚ್ಚಿಗೆ ಸಿಕ್ಕಿದ್ದು ಅರ್ಧ ಗ್ರಾಂಗೆ ಸ್ವಲ್ಪ ಮೇಲೆ. ಅದೂ ₹369ರ ಬಡ್ಡಿ ಪ್ರತಿ ಸಲ ಖರ್ಚಾಗದೆ ಖಾತೆಯಲ್ಲೇ ಉಳಿದಿದ್ದರೆ. ಬಡ್ಡಿ ಖರ್ಚಾಗಿದ್ದರೆ ₹61,320ಕ್ಕೆ 9.46 ಗ್ರಾಂ. ಸರವೇ ಮೇಲು ಆಗ್ತಿತ್ತು!

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಮುಂದೆ ದುಡ್ಡಾಗಿ ಬೇಕಾದ ಚಿನ್ನಕ್ಕೆ, ಅಂದರೆ ಬೋರ್‌ವೆಲ್‌ಗೋ, ಓದಿಗೋ, ಜಮೀನಿಗೋ ಇಟ್ಟ ಉಳಿತಾಯಕ್ಕೆ, ಬಾಂಡ್ ಎದುರು ಒಡವೆ ನಿಲ್ಲಲ್ಲ. ಕೊನೆಗೆ ಕತ್ತಿಗೆ ಹೋಗುವ ಚಿನ್ನಕ್ಕೆ ಬಾಂಡಿನ ಲಾಭ ತೀರಾ ಸಣ್ಣದು.

ಅಡ ಇಡುವ ಮಾತು

ರೈತನಿಗೆ ಇನ್ನೊಂದು ಲೆಕ್ಕ ಇದೆ. ಜೂನ್‌ನಲ್ಲಿ ಗೊಬ್ಬರಕ್ಕೆ ದುಡ್ಡಿಲ್ಲ ಅಂದರೆ ಸರ ತಗೊಂಡು ಬ್ಯಾಂಕಿಗೆ ಹೋದರೆ ಅವತ್ತೇ ಸಾಲ ಆಗುತ್ತೆ. ಈ ಅನುಕೂಲಕ್ಕೂ ಒಂದು ಬೆಲೆ ಇದೆ, ಆ ₹14,100ರಲ್ಲಿ ಒಂದು ಭಾಗ ಅದಕ್ಕೆ ಕೊಟ್ಟದ್ದು ಅಂತ ಬೇಕಾದರೆ ನೋಡಬಹುದು. ಬಾಂಡನ್ನೂ ಸಾಲಕ್ಕೆ ಆಧಾರವಾಗಿ ಇಡಬಹುದು ಅಂತ ಯೋಜನೆಯ ನಿಯಮದಲ್ಲಿ ಇದೆ, ಆದರೆ ಕೊಡೋದು ಬಿಡೋದು ಸಾಲ ಕೊಡುವ ಬ್ಯಾಂಕಿನ ಇಷ್ಟ. ಬಾಂಡನ್ನು ಐದು ವರ್ಷಕ್ಕೆ ಮೊದಲು ರಿಸರ್ವ್ ಬ್ಯಾಂಕಿಗೆ ವಾಪಸ್ ಕೊಡಲು ಬರಲ್ಲ. ಆಮೇಲೂ ಬಡ್ಡಿ ಬರುವ ದಿನಾಂಕದಂದು ಮಾತ್ರ. ಹೀಗಾಗಿ ಇರೋದನ್ನೆಲ್ಲ ಬಾಂಡಿಗೆ ಹಾಕಿ ಮಳೆಗಾಲಕ್ಕೆ ಕೈಸಾಲ ಮಾಡಿದರೆ, ಕೈಸಾಲದ ಬಡ್ಡಿ ಈ ಶೇ. 2.75ನ್ನು ನುಂಗಿ ನೀರು ಕುಡಿಯುತ್ತೆ. ಅಂದಹಾಗೆ, ಚಿನ್ನದ ಗಟ್ಟಿ, ಬಿಸ್ಕೆಟ್ ಮೇಲೆ ಬ್ಯಾಂಕುಗಳು ಸಾಲ ಕೊಡುವಂತಿಲ್ಲ. ನಾಣ್ಯಕ್ಕೂ 50 ಗ್ರಾಂ ಮಿತಿ ಇದೆ.

ಈಗ ತಗೊಳ್ಳೋದು ಹೇಗೆ?

ಕೊನೇ ಕಂತು ಬಂದಿದ್ದು 2024ರ ಫೆಬ್ರವರಿಯಲ್ಲಿ, ಗ್ರಾಂಗೆ ₹6,263ಕ್ಕೆ, ಶೇ. 2.5 ಬಡ್ಡಿಗೆ. ಆಮೇಲೆ ಸರ್ಕಾರ ಹೊಸ ಕಂತು ಬಿಡೋದನ್ನು ನಿಲ್ಲಿಸಿದೆ. ಇವತ್ತು ಯಾರಾದರೂ ವಾಟ್ಸಾಪ್‌ನಲ್ಲಿ ಹೊಸ ಗೋಲ್ಡ್ ಬಾಂಡ್ ಬಂದಿದೆ ಅಂತ ಲಿಂಕ್ ಕಳಿಸಿದರೆ, ರಿಸರ್ವ್ ಬ್ಯಾಂಕಿನ ಪ್ರಕಟಣೆ ನೋಡದೆ ಒತ್ತಬೇಡಿ.

ಹಳೇ ಕಂತುಗಳನ್ನು ಡಿಮ್ಯಾಟ್ ಖಾತೆ ಇದ್ದವರು ಷೇರುಪೇಟೆಯಲ್ಲಿ ಕೊಳ್ಳಬಹುದು. ಆದರೆ ಇಲ್ಲಿ ಲೆಕ್ಕ 2015ರ ಥರ ಇಲ್ಲ. ಬಡ್ಡಿ ಬರೋದು ಮೊದಲ ಬೆಲೆಯ ಮೇಲೆ ಅಂದೆನಲ್ಲ. ₹6,263ರ ಬಾಂಡನ್ನು ನೀವು ₹15,000ಕ್ಕೆ ಕೊಂಡಿರಿ ಅಂದುಕೊಳ್ಳಿ. ಬಡ್ಡಿ ಗ್ರಾಂಗೆ ವರ್ಷಕ್ಕೆ ₹157, ನೀವು ಹಾಕಿದ ದುಡ್ಡಿಗೆ ಅದು ಶೇ. 1ರ ಹತ್ತಿರ. ಮೇಲಾಗಿ 2026ರ ಬಜೆಟ್‌ನಲ್ಲಿ ತೆರಿಗೆ ರಿಯಾಯಿತಿಯನ್ನು ಮೊದಲ ದಿನವೇ ಬಾಂಡ್ ಕೊಂಡು ಅವಧಿ ಮುಗಿಯುವ ತನಕ ಇಟ್ಟುಕೊಂಡವರಿಗೆ ಮಾತ್ರ ಸೀಮಿತ ಮಾಡಲಾಗಿದೆ. ಪೇಟೆಯಲ್ಲಿ ಕೊಂಡವರಿಗೆ ಅದಿಲ್ಲ.

ಆದ್ದರಿಂದ ಕೊಳ್ಳುವ ಮೊದಲು ಆ್ಯಪ್‌ನಲ್ಲಿ ಬಾಂಡಿನ ಬೆಲೆ ನೋಡಿ, ಅದೇ ದಿನದ 999 ಚಿನ್ನದ ಬೆಲೆಯನ್ನು ಐಬಿಜೆಎ ವೆಬ್‌ಸೈಟ್‌ನಲ್ಲಿ ನೋಡಿ. ಅಲ್ಲಿ ಬೆಲೆ ಹತ್ತು ಗ್ರಾಂಗೆ ಇರುತ್ತೆ, ಹತ್ತರಿಂದ ಭಾಗಿಸಿ. ಬಾಂಡ್ ಅದಕ್ಕಿಂತ ದುಬಾರಿ ಇದ್ದರೆ ಆ ಹೆಚ್ಚಿನ ದುಡ್ಡು ಒಂದು ಥರದ ಮಜೂರಿಯೇ. ಅವಧಿ ಮುಗಿದಾಗ ಅದು ವಾಪಸ್ ಬರಲ್ಲ. ಕೆಲವು ಕಂತಿನಲ್ಲಿ ದಿನಕ್ಕೆ ಬೆರಳೆಣಿಕೆಯಷ್ಟೇ ವ್ಯಾಪಾರ ನಡೆಯುತ್ತೆ, ಅಂಥದ್ದನ್ನು ನಡುವೆ ಮಾರಲು ಹೋದರೆ ಒಳ್ಳೇ ಬೆಲೆ ಸಿಗೋದು ಕಷ್ಟ.

ಬಾಂಡ್ ಈಗಾಗಲೇ ಇದ್ದರೆ

ಮನೆಯಲ್ಲಿ ಅಪ್ಪ, ಚಿಕ್ಕಪ್ಪ ಯಾರಾದರೂ ಹಿಂದೆ ತಗೊಂಡಿದ್ದರೆ ಸರ್ಟಿಫಿಕೇಟ್ ಹುಡುಕಿ. ಅವಧಿ ಮುಗಿದ ದಿನ ದುಡ್ಡು ತಾನಾಗೇ ಬರೋದು ಬಾಂಡಿಗೆ ಜೋಡಿಸಿದ ಖಾತೆಗೆ. ನಮ್ಮ ಕಡೆ ಇಲ್ಲೊಂದು ತೊಡಕು ಆಗಬಹುದು. 2017ರ ಏಪ್ರಿಲ್‌ನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐಗೆ ಸೇರಿತು, 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಬ್ಯಾಂಕುಗಳ ಐಎಫ್‌ಎಸ್‌ಸಿ ಬದಲಾಗಿದೆ, ಕೆಲವರು ಹಳೇ ಖಾತೆಯನ್ನೇ ಮುಚ್ಚಿಸಿದ್ದಾರೆ.

ಆರು ತಿಂಗಳ ಬಡ್ಡಿ ಬರ್ತಾ ಇದೆಯಾ ಅಂತ ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿ. ಬಡ್ಡಿ ನಿಂತಿದ್ದರೆ ಖಾತೆ ವಿವರ ಸರಿ ಇಲ್ಲ ಅನ್ನೋದಕ್ಕೆ ಅದೇ ಮೊದಲ ಸುಳಿವು. ಬಾಂಡ್ ಕೊಂಡ ಶಾಖೆಗೆ, ಅದು ಈಗ ಯಾವ ಬ್ಯಾಂಕ್ ಆಗಿದೆಯೋ ಅಲ್ಲಿಗೆ, ಸರ್ಟಿಫಿಕೇಟ್, ಪ್ಯಾನ್ ಕಾರ್ಡ್, ಹೊಸ ಖಾತೆಯ ಕ್ಯಾನ್ಸಲ್ ಮಾಡಿದ ಚೆಕ್ ತಗೊಂಡು ಹೋಗಿ ಬದಲಾಯಿಸಿಕೊಳ್ಳಿ. ಅವಧಿ ಮುಗಿದ ದಿನದಿಂದ ಆಚೆಗೆ ಬಡ್ಡಿ ಇಲ್ಲ. ಚಿನ್ನದ ಬೆಲೆ ಆಮೇಲೆ ಎಷ್ಟೇ ಏರಿದರೂ ಅವತ್ತಿನ ಬೆಲೆಯೇ ಗಟ್ಟಿ. ಆದ್ದರಿಂದ ಈ ಕೆಲಸ ಅವಧಿ ಮುಗಿಯೋಕೆ ಎರಡು ಮೂರು ತಿಂಗಳು ಮೊದಲೇ ಆಗಲಿ.